ಮುರಿದ ಕಾಲಿಗೆ ಹೊಂಗೆ ಎಣ್ಣೆ

ಸ್ಕೂಲಿನಲ್ಲಿ ಒಮ್ಮೆ, ಬಡಗಿ ಬಾರದ ದಿನ, ಒಂದು ಬೆಂಚಿನ ಕಾಲನ್ನು ನಾನೇ ಸರಿಮಾಡಿಬಿಟ್ಟೆ. ಆ ಬೆಂಚು ಇನ್ನೂ ನಿಂತಿದೆ. ನಾನು ಮಾತ್ರ ಅವತ್ತಿನಿಂದ ಕೂತಿಲ್ಲ. ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಏನು ಮುರಿದರೂ ಅದರ ಫೋಟೋ ಹೊಳಲ್ಕೆರೆಯ ನನ್ನ ಫೋನಿಗೆ ಬಂದು ಬೀಳುತ್ತದೆ. ತೊಟ್ಟಿಲಿನ ಸರಪಳಿ, ಮಿಕ್ಸಿಯ ಮುಚ್ಚಳ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ಎಂಬುದೇ ಅವರಿಗೆ ಸಾಕಷ್ಟು ಪುರಾವೆ.

ಅದೊಂದು ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟು ಬಂದು ಚಪ್ಪಲಿ ಬಿಚ್ಚುತ್ತಿದ್ದಾಗ ಫೋನು ಗುಂಯ್ ಅಂದಿತು. ಪರೀಕ್ಷೆಯ ಕಾಲ. ವಾರವಿಡೀ ಸ್ಪೆಷಲ್ ಕ್ಲಾಸು ತೆಗೆದುಕೊಂಡು ಗಂಟಲು ಒಣಗಿ, ಸೊಂಟ ಹಿಡಿದುಕೊಂಡಿತ್ತು. ಭಾನುವಾರ ಪೂರ್ತಿ ಮಲಗಬೇಕೆಂಬುದು ನನ್ನ ಜೀವನದ ಏಕೈಕ ಗುರಿಯಾಗಿತ್ತು. ಫೋಟೋ ಕಳಿಸಿದ್ದವರು ಶ್ರೀರಾಂಪುರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಭಾವ, ಅಂದರೆ ಅಕ್ಕನ ಗಂಡ. ಕುರಿ ಸಾಕುವ ಮನೆ. ಭಾವ ಕುರಿಮಂದೆಯನ್ನು ಸಲೀಸಾಗಿ ಹೊಡೆದುಕೊಂಡು ಹೋಗಬಲ್ಲರು, ಆದರೆ ಫೋನಿನ ಕ್ಯಾಮೆರಾ ಅವರ ಮಾತು ಕೇಳುವುದಿಲ್ಲ. ಮೊದಲ ಫೋಟೋದಲ್ಲಿ ಕುರ್ಚಿಯ ಬೆನ್ನು ಮಾತ್ರ ಇತ್ತು. ಎರಡನೆಯದರಲ್ಲಿ ಭಾವನ ಹೆಬ್ಬೆರಳು. ಮೂರನೆಯದರಲ್ಲಿ ಒಂದು ಕುರಿಮರಿ ಕ್ಯಾಮೆರಾವನ್ನೇ ನೋಡುತ್ತಾ ನಿಂತಿತ್ತು, ಅದರ ಹಿಂದೆ ಮಸುಕಾಗಿ ಒಂದು ಮುರಿದ ಕಾಲು.

ಕುರ್ಚಿ ಯಾವುದೆಂದು ತಕ್ಷಣ ಗೊತ್ತಾಯಿತು.

ಆ ಕುರ್ಚಿ ಅಕ್ಕನದು. ಬೇವಿನ ಮರದ್ದು, ಎರಡೂ ಕಡೆ ಕೈಯಿರುವುದು. ಅಕ್ಕನ ಮಾವನವರು ಎತ್ತರದ ಆಳು. ಅವರ ಅಳತೆಗೆಂದು ಮಾಡಿಸಿದ್ದು. ಅವರು ಹೋದ ಮೇಲೆ ಅದು ಕಾಳಿನ ಚೀಲ ಹೊತ್ತುಕೊಂಡು ಮೂಲೆಯಲ್ಲಿತ್ತು. ಅಕ್ಕನಿಗೆ ಮಂಡಿ ಆಪರೇಷನ್ ಆಗಿ ಮನೆಗೆ ಬಂದಾಗ, ಡಾಕ್ಟರು ನೆಲದ ಮೇಲೆ ಕೂರಬಾರದು, ತಗ್ಗಿನದರ ಮೇಲೆ ಕೂರಬಾರದು, ಕೈಯಿರುವ ಎತ್ತರದ ಕುರ್ಚಿಯೇ ಆಗಬೇಕು ಅಂದಿದ್ದರು. ಆಗ ಚೀಲ ಇಳಿದು ಅಕ್ಕ ಏರಿದಳು. ಎರಡು ಕೈಯನ್ನೂ ಕುರ್ಚಿಯ ಕೈಗಳ ಮೇಲೆ ಊರಿ, ಒಂದು ಉಸಿರು ಎಳೆದುಕೊಂಡು, ತಾನೇ ಎದ್ದು ನಿಲ್ಲುತ್ತಿದ್ದಳು. ಆ ಮನೆಯಲ್ಲಿ ಅವಳು ಯಾರ ಸಹಾಯವೂ ಇಲ್ಲದೆ ಎದ್ದೇಳಬಹುದಾಗಿದ್ದ ಜಾಗ ಅದೊಂದೇ.

ಫೋನು ಮಾಡಿದೆ. ಅಕ್ಕನೇ ಎತ್ತಿದಳು.

“ಮುರಿದೋಯ್ತು ಕಣೋ.”

“ನೀನು ಬಿದ್ದೆಯೇನಕ್ಕ?”

“ನಾನ್ಯಾಕೆ ಬೀಳ್ಲಿ? ನಾನು ಕುಂತಿರಲಿಲ್ಲ. ನಿಮ್ಮ ಭಾವ ಬಿಸಿಲಿಗೆ ಹಾಕಾಕೆ ಅಂತ ಎಳಕಂಡು ಹೋಗ್ತಿದ್ರು. ಹೊಸ್ತಿಲಿಗೆ ತಗಲ್ಹಾಕ್ಕೊಂಡು ಲಟಕ್ ಅಂತು. ದಿನಾ ಹೇಳ್ತೀನಿ, ಎಳೀಬ್ಯಾಡ್ರಿ, ಎತ್ಕಂಡು ಹೋಗ್ರಿ ಅಂತ. ಕುರಿ ಎಳದಂಗೆ ಎಳೀತಾರೆ.”

ಹಿಂದಿನಿಂದ ಭಾವನ ದನಿ: “ಕುರೀನ ಯಾರೂ ಎಳೆಯಲ್ಲ. ಕುರಿ ಮುರಿಯಲ್ಲ.”

“ಈಗ ಎಲ್ಲಿ ಕೂತಿದೀಯ?”

“ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ. ಅದು ನಾನು ಕೈ ಊರಿದ್ರೆ ಅಗಲ ಆಗ್ತೈತೆ. ಏಳಬೇಕು ಅಂದ್ರೆ ಇವರು ಕಂಕುಳಿಗೆ ಕೈ ಹಾಕಿ ಎತ್ತಬೇಕು. ಉಣ್ಣೆ ಕತ್ತರಿಸಾಕೆ ಕುರಿ ಎತ್ತಿದಂಗೆ.” ದನಿ ತಗ್ಗಿಸಿದಳು. “ಬಚ್ಚಲಿಗೆ ಹೋಗಬೇಕಂದ್ರೂ ಕೂಗಬೇಕು ಕಣೋ. ಇವರು ಕುರಿ ಹೊಡ್ಕಂಡು ಹೋದ್ರೆ ನಾನು ಸಂಜೆವರೆಗೂ ನೀರು ಕುಡಿಯಲ್ಲ.”

ಆಮೇಲೆ ನನಗೆ ಭಾನುವಾರದ ನಿದ್ದೆಯ ವಿಷಯ ಎತ್ತಲು ಬಾಯಿ ಬರಲಿಲ್ಲ.

ಊರಿನ ಬಡಗಿಯನ್ನು ಕೇಳಿದ್ದರಂತೆ. ಅವನು ಹೊಸ ಮನೆಯೊಂದರ ಬಾಗಿಲು ಕೂರಿಸುವ ಕೆಲಸದಲ್ಲಿದ್ದ. ಅದು ಮುಗಿಯುವವರೆಗೂ ಕೈ ಬಿಡುವಿಲ್ಲ, ಗೃಹಪ್ರವೇಶ ಹತ್ತಿರ ಬಂದಿದೆ ಅಂದನಂತೆ. ಅವನದೇನೂ ತಪ್ಪಲ್ಲ. ಬಾಗಿಲಿಲ್ಲದ ಮನೆಗೆ ಯಾರು ಹಾಲು ಉಕ್ಕಿಸುತ್ತಾರೆ?

“ಭಾವನಿಗೆ ಕೊಡು,” ಅಂದೆ. ಫೋಟೋ ಸರಿಯಾಗಿ ತೆಗೆಯುವುದು ಹೇಗೆಂದು ಹೇಳಿದೆ: ಕುರ್ಚಿಯನ್ನು ಬೆಳಕಿನಲ್ಲಿ ಮಗ್ಗುಲಾಗಿ ಮಲಗಿಸಿ, ಮುರಿದ ಕಾಲಿನ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಡಿ, ಅಳತೆ ಗೊತ್ತಾಗುತ್ತದೆ. ಮುಂದಿನಿಂದ ಒಂದು, ಪಕ್ಕದಿಂದ ಒಂದು. “ಕುರಿಮರೀನ ಆಚೆ ಕಟ್ರಿ, ಭಾವ.”

“ಅದು ಬಿಡಂಗಿಲ್ಲಪ್ಪ, ಫೋಟೋ ಅಂದ್ರೆ ಮುಂದೆ ಬರ್ತೈತೆ,” ಅಂದರು.

ಈ ಸಲ ಫೋಟೋ ಚೆನ್ನಾಗಿ ಬಂತು. ನಾನು ಮಂಚದ ಮೇಲೆ ಅಡ್ಡಾಗಿ ಎರಡು ಬೆರಳಿನಲ್ಲಿ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಮುಂದಿನ ಬಲಗಾಲು. ಅದೇ ಕಾಲು ಮೇಲಕ್ಕೆ ಹೋಗಿ ಕುರ್ಚಿಯ ಕೈಯನ್ನು ಹೊತ್ತಿತ್ತು. ಅಕ್ಕ ಕೈ ಊರಿ ಏಳುವಾಗ ಭಾರವೆಲ್ಲ ಬೀಳುವುದು ಇದರ ಮೇಲೆಯೇ. ಸೀಟಿನ ಪಟ್ಟಿಗೂ ಕೆಳಗಿನ ಅಡ್ಡಪಟ್ಟಿಗೂ ನಡುವೆ ಮುರಿದಿತ್ತು. ಕೆಳಗಿನ ತುಂಡು ಅಡ್ಡಪಟ್ಟಿಗೆ ಜೋತುಕೊಂಡಿತ್ತು. ಕಬ್ಬು ಮುರಿದಂತೆ ಅಡ್ಡಕ್ಕೆ ಮುರಿದಿರಲಿಲ್ಲ. ಮುಂದಿನಿಂದ ಹಿಂದಕ್ಕೆ ಓರೆಯಾಗಿ, ಮರದ ಎಳೆಯ ಗುಂಟ ಸೀಳಿಕೊಂಡು ಹೋಗಿತ್ತು. ಬೆಂಕಿಪೊಟ್ಟಣಕ್ಕಿಂತ ಎರಡು ಪಟ್ಟು ಉದ್ದದ ಸೀಳು, ಉದ್ದುದ್ದ ಸಿಬಿರು.

ಸಮಾಧಾನವಾಯಿತು. ಅಡ್ಡಕ್ಕೆ ಮುರಿದಿದ್ದರೆ ಒಳಗೆ ಗೂಟ ಕೊಡಬೇಕು, ಆದರೂ ನಂಬಿಕೆಯಿಲ್ಲ. ಓರೆ ಸೀಳಿಗೆ ಗೋಂದು ಹಿಡಿಯಲು ಜಾಗ ಹೆಚ್ಚು. ಒಣಗಿದ, ಹೊಸ ಮುರಿತವಾದರೆ ಸಿಬಿರುಗಳು ಒಂದರೊಳಗೊಂದು ಹೋಗಿ ಕೂರುತ್ತವೆ. ಮರದ ಗೋಂದು ಹಚ್ಚಿ, ಕ್ಲ್ಯಾಂಪಿನಲ್ಲಿ ಬಿಗಿದು, ಒಂದು ದಿನ ಮುಟ್ಟದೆ ಬಿಟ್ಟರೆ ಮುಗಿಯಿತು. ಮತ್ತೆ ಫೋನು ಮಾಡಿ ಭಾವನಿಗೆ ಹೇಳಿದೆ: “ನಾಳೆ ಬೆಳಿಗ್ಗೆ ಬರ್ತೀನಿ. ಸಿಬಿರು ಕೀಳಬೇಡ್ರಿ, ಉಜ್ಜಬೇಡ್ರಿ. ಮುರಿದ ಜಾಗಾನ ಜೋಪಾನವಾಗಿ ನೋಡ್ಕಳ್ರಿ.”

“ಅದನ್ನ ನನಗೆ ಹೇಳ್ತೀಯೇನಪ್ಪ? ಜೋಪಾನ ಮಾಡ್ತೀನಿ ಬಿಡು,” ಅಂದರು ಭಾವ. ಅವರ ದನಿಯಲ್ಲಿದ್ದ ಆ ಧೈರ್ಯದ ಬಗ್ಗೆ ನಾನು ಯೋಚಿಸಬೇಕಾಗಿತ್ತು. ಯೋಚಿಸುವುದು ನನ್ನ ಕಾಯಿಲೆ. ಬೇಕಾದಾಗ ಮಾತ್ರ ಅದು ಬರುವುದಿಲ್ಲ.

ಉಳಿದದ್ದನ್ನೆಲ್ಲ ಯೋಚಿಸಿದೆ. ಗೋಂದು ಹಿಡಿಯದಿದ್ದರೆ? ಕ್ಲ್ಯಾಂಪು ಜಾರಿದರೆ? ಕ್ಲ್ಯಾಂಪಿನ ಕೆಳಗೆ ಇಡುವ ಮರದ ತುಂಡು ಕುರ್ಚಿಗೇ ಅಂಟಿಕೊಂಡರೆ? ಅದಕ್ಕೆ ನಡುವೆ ಪ್ಲಾಸ್ಟಿಕ್ ಕವರು ಬೇಕು. ಸ್ಕ್ರೂ ಹಾಕುವಾಗ ಮರ ಮತ್ತೆ ಸೀಳಿದರೆ? ಮೊದಲು ಸಣ್ಣ ತೂತು ಕೊರೆಯಬೇಕು. ಕರೆಂಟು ಹೋದರೆ? ಕೈಯಲ್ಲಿ ತಿರುಗಿಸುವ ಡ್ರಿಲ್ಲೂ ಇರಲಿ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗೋಂದು, ಉಪ್ಪು ಕಾಗದ, ಮೂರು ನಮೂನೆ ಸ್ಕ್ರೂ, ಎರಡು ಕ್ಲ್ಯಾಂಪು ಕೇಳಿದೆ. ಅಂಗಡಿಯವನು ಎಲ್ಲವನ್ನೂ ಕೌಂಟರಿನ ಮೇಲೆ ಗುಡ್ಡೆ ಹಾಕಿ, “ಕುರ್ಚಿ ಕಾಲು ಒಂದೇನಾ ಸಾರ್, ಇಲ್ಲಾ ಜೊತೆಗೆ ಮನೆಗೂ ಪಾಯ ತೋಡ್ತಿದೀರಾ?” ಅಂದ.

ಮನೆಗೆ ಬಂದರೆ ಹೆಂಡತಿ ಚೀಲ ನೋಡಿ, “ರೀ, ನಮ್ಮ ಬಚ್ಚಲ ಬಾಗಿಲ ಚಿಲಕ ಕಿತ್ತುಬಂದು ದೀಪಾವಳಿಯಿಂದ ಹಾಗೇ ಇದೆ,” ಅಂದಳು. “ಅದರದ್ದೂ ಒಂದು ಫೋಟೋ ತೆಗೆದು ಕಳಿಸಲಾ?”

ಬೆಳಿಗ್ಗೆ ಹೊಸದುರ್ಗದ ಬಸ್ಸು ಹಿಡಿದೆ. ಚೀಲ ತೊಡೆಯ ಮೇಲೆ. ರಸ್ತೆಯ ಪ್ರತಿ ಉಬ್ಬಿಗೂ ಸುತ್ತಿಗೆ ಮಂಡಿಗೆ ಕುಟ್ಟುತ್ತಿತ್ತು. ಅಕ್ಕನ ಮಂಡಿಯದಾಯಿತು, ಇನ್ನು ನಿನ್ನ ಮಂಡಿಯ ಸರದಿ ಎಂದು ನೆನಪಿಸುವಂತೆ. ದಿಣ್ಣೆಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರಲಿಲ್ಲ. ಅವಕ್ಕೂ ಭಾನುವಾರ. ಹೊಸದುರ್ಗದಲ್ಲಿ ಇಳಿದು ಶ್ರೀರಾಂಪುರದ ಬಸ್ಸಿಗೆ ಕಾಯುತ್ತಾ ಮತ್ತೆ ಫೋಟೋ ತೆಗೆದು ನೋಡಿದೆ. ಸಿಬಿರುಗಳು ಬೆಳ್ಳಗೆ, ಒಣಗಿ, ಚೊಕ್ಕಟವಾಗಿದ್ದವು. ನೋಡಿದಷ್ಟೂ ಧೈರ್ಯ ಬರುತ್ತಿತ್ತು.

ಅಕ್ಕನ ಮನೆಯಂಗಳಕ್ಕೆ ಕಾಲಿಡುವ ಮೊದಲೇ ವಾಸನೆ ಬಡಿಯಿತು. ಕುರಿ ವಾಸನೆಯಲ್ಲ, ಅದು ನನಗೆ ಅಭ್ಯಾಸ. ಇದು ಬೇರೆ. ಕಹಿ, ದಪ್ಪ, ಮೂಗಿಗೆ ಅಂಟಿಕೊಳ್ಳುವ ವಾಸನೆ.

ಕುರ್ಚಿ ಜಗುಲಿಯ ಮೇಲೆ ನಿಂತಿತ್ತು. ಮುರಿದ ಕಾಲಿಗೆ ಸುತ್ತಲೂ ಬಿದಿರ ದಬ್ಬೆಗಳನ್ನು ಒತ್ತಾಗಿ ಜೋಡಿಸಿ, ಕುರಿ ಉಣ್ಣೆಯ ಹುರಿಯಿಂದ ಮೇಲಿಂದ ಕೆಳಗಿನವರೆಗೆ ಸುತ್ತಿ ಕಟ್ಟಲಾಗಿತ್ತು. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಬೀಳದಷ್ಟು ನೀಟಾಗಿ. ಹುರಿಯ ಕೆಳಗಿನಿಂದ ಎಣ್ಣೆ ತೊಟ್ಟಿಕ್ಕಿ ನೆಲದ ಮೇಲೆ ರೂಪಾಯಿಯಗಲ ನಿಂತಿತ್ತು.

“ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ,” ಅಂದರು ಭಾವ, ಹಿಗ್ಗಿನಿಂದ. “ನೀನು ಬರೋದರೊಳಗೆ ಅರ್ಧ ಕೆಲಸ ಮುಗಿಸಿದೀನಿ.”

“ಏನು ಹಾಕಿದೀರಿ ಭಾವ ಅದಕ್ಕೆ?”

“ಹೊಂಗೆ ಎಣ್ಣೆ. ಸೀಳಿನೊಳಗೆ ಚೆನ್ನಾಗಿ ಇಳಿಯೋ ಹಂಗೆ ಬಿಟ್ಟೆ. ಹಸಿ ಗಾಯ, ಹುಳ ಬೀಳಬಾರದು, ಗೆದ್ದಲು ಹತ್ತಬಾರದು. ಆಮ್ಯಾಲೆ ದಬ್ಬೆ ಕಟ್ಟಿದೆ.” ಕೊಟ್ಟಿಗೆಯ ಕಡೆ ಕೈ ತೋರಿಸಿದರು. “ಅಲ್ಲಿ ನೋಡು, ಆ ಕರೀ ಟಗರು. ಮುಂಗಾಲು ಮುರಕಂಡಿತ್ತು. ಹಿಂಗೇ ಕಟ್ಟಿದ್ದೆ. ಈಗ ನನಗೇ ಗುದ್ದಾಕೆ ಬರ್ತೈತೆ.”

ಟಗರು ನಮ್ಮ ಕಡೆ ನೋಡಿತು. ಅದರ ಕಾಲು ನಿಜಕ್ಕೂ ನೆಟ್ಟಗಿತ್ತು. ನಾನು ಚೀಲ ಕೆಳಗಿಟ್ಟು ಜಗುಲಿಯ ಅಂಚಿನ ಮೇಲೆ ಕೂತುಬಿಟ್ಟೆ.

ಒಳಗಿನಿಂದ ಅಕ್ಕ ಕೂಗಿದಳು. “ಬಂದ್ಯೇನೋ? ಬಾ ಇಲ್ಲಿ. ಅದರ ಮ್ಯಾಲೆ ಕುಂತ್ಕೋ ಅಂತಾರೆ ನಿಮ್ಮ ಭಾವ. ಕುಂತ್ರೆ ನನ್ನ ಕಾಲಿಗೂ ದಬ್ಬೆ ಕಟ್ಟಬೇಕಾಗ್ತೈತೆ ಅಂದೆ.”

“ಟಗರು ಸುಮ್ನೆ ಕಟ್ಟಿಸ್ಕಂತು, ನಿಮ್ಮಕ್ಕ ಮಾತ್ರ ಬಾಯಿ ಮಾಡ್ತಾಳೆ,” ಅಂದರು ಭಾವ.

ಬೈಯಲು ಮನಸ್ಸು ಬರಲಿಲ್ಲ. ಶಕ್ತಿಯೂ ಇರಲಿಲ್ಲ. ಜೋಪಾನ ಮಾಡಿ ಅಂದವನು ನಾನೇ. ಮುರಿದ ಕಾಲನ್ನು ಆ ಮನೆಯಲ್ಲಿ ತಲೆಮಾರುಗಳಿಂದ ಹೇಗೆ ಜೋಪಾನ ಮಾಡುತ್ತಾ ಬಂದಿದ್ದಾರೋ ಹಾಗೆ ಮಾಡಿದ್ದರು. ಫೋಟೋ ತೆಗೆದದ್ದು ಎಣ್ಣೆ ಹಾಕುವ ಮೊದಲು. ನಾನು ದಾರಿಯುದ್ದಕ್ಕೂ ನೋಡಿ ಧೈರ್ಯ ತಂದುಕೊಂಡ ಆ ಬೆಳ್ಳನೆಯ ಒಣ ಸಿಬಿರು ಅದಾಗಲೇ ಇಲ್ಲವಾಗಿತ್ತು.

ಹುರಿ ಬಿಚ್ಚಿದೆವು. ಸೀಳು ಕಂದು ಬಣ್ಣಕ್ಕೆ ತಿರುಗಿತ್ತು. ಬಟ್ಟೆಯಿಂದ ಒರೆಸಿದೆ. ಬಣ್ಣಕ್ಕೆ ಬೆರೆಸಲು ಇಟ್ಟಿದ್ದ ಥಿನ್ನರು ಭಾವನ ಮನೆಯಲ್ಲಿತ್ತು. ಅದನ್ನು ಬಟ್ಟೆಗೆ ಸುರಿದುಕೊಂಡು, ಬೀಡಿ ಹಚ್ಚಲು ಬಂದ ಭಾವನನ್ನು ಅಂಗಳಕ್ಕೆ ಅಟ್ಟಿ, ಮತ್ತೆ ಮತ್ತೆ ಒರೆಸಿದೆ. ಒಣಗಲು ಬಿಟ್ಟು, ಸೀಳಿನ ಮೇಲೆ ಒಂದು ಹನಿ ನೀರು ಬಿಟ್ಟೆ. ಒಣ ಮರವಾದರೆ ನೀರನ್ನು ಕುಡಿಯಬೇಕು. ಹನಿ ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಂತು, ಉರುಳಿ, ನನ್ನ ಪ್ಯಾಂಟಿನ ಮೇಲೆ ಬಿತ್ತು.

“ನೀರೇ ಹಿಡೀದಿದ್ದ ಮೇಲೆ ಗೋಂದು ಹಿಡಿಯಲ್ಲ, ಭಾವ,” ಅಂದೆ. “ಎಣ್ಣೆ ಎಳೆಯೊಳಗೆ ಇಳಿದುಬಿಟ್ಟಿದೆ. ಇವತ್ತು ಅಂಟಿದಂಗೆ ಕಾಣ್ತದೆ. ಅಕ್ಕ ಕೈ ಊರಿ ಏಳೋವಾಗ ಬಿಟ್ಟುಕೊಳ್ತದೆ.”

ಭಾವನ ಹಿಗ್ಗು ಇಳಿಯಿತು. ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಕುರ್ಚಿಯನ್ನು ಸುತ್ತು ಹಾಕಿ ನೋಡಿದರು. ಆಮೇಲೆ, “ಒಂದು ಕೆಲಸ ಮಾಡಾಣ. ಮುರಿದಿರೋ ಮಟ್ಟಕ್ಕೆ ಉಳಿದ ಮೂರು ಕಾಲನ್ನೂ ಕುಯ್ದುಬಿಡಾಣ. ನಾಲ್ಕೂ ಸಮ ಆಗ್ತಾವೆ,” ಅಂದರು.

ಒಳಗಿನಿಂದ ದನಿ ಬಂತು. “ಆಮ್ಯಾಲೆ ನನ್ನ ಕಾಲೂ ಕುಯ್ರಿ. ಆಗ ನಾನೂ ಸಮ ಆಗ್ತೀನಿ.”

ನಾನು ಒಳಗೆ ಹೋದೆ. ಅಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ಮಗ್ಗುಲಿಗೆ ಒರಗಿ ಕೂತಿದ್ದಳು, ವಾಕರು ಕೈಗೆಟುಕುವಷ್ಟು ದೂರದಲ್ಲಿ. ಮುಖ ಬತ್ತಿತ್ತು. ಪಕ್ಕದಲ್ಲಿ ತುಂಬಿದ ನೀರಿನ ಚೊಂಬು, ಮುಟ್ಟಿರಲಿಲ್ಲ.

“ಎತ್ತರ ಕಡಿಮೆಯಾದರೆ ನಾನು ಏಳಾಕೆ ಆಗಲ್ಲ ಕಣೋ,” ಅಂದಳು, ಈ ಸಲ ಮೆಲ್ಲಗೆ. “ಇವರಿಗೆ ಅದು ಗೊತ್ತಾಗಲ್ಲ. ಸಿಟ್ಟು ಮಾಡ್ಕಬ್ಯಾಡ ಅವರ ಮ್ಯಾಲೆ. ದಬ್ಬೆ ಸೀಳಿ ಸೀಳಿ ಬೆರಳೆಲ್ಲ ಕುಯ್ಕೊಂಡವರೆ. ಆದ್ರೆ ದಿನಾ ಹಿಂಗೆ ಎತ್ತಿಸ್ಕಂಡು ಎಷ್ಟು ದಿನ? ನೀನು ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿಬಿಡು. ನಾನು ಮಂಚದ ಮ್ಯಾಲೇ ಇದ್ದುಬಿಡ್ತೀನಿ.”

ಮಂಚ ಹಿಡಿದರೆ ಮಂಡಿ ಬಗ್ಗುವುದು ನಿಲ್ಲುತ್ತದೆ, ಆಪರೇಷನ್ ಮಾಡಿಸಿದ್ದೇ ವ್ಯರ್ಥವಾಗುತ್ತದೆ. ಡಾಕ್ಟರು ದಿನಕ್ಕೆ ಹತ್ತಾರು ಸಲ ಎದ್ದು ನಡೆಯಬೇಕು ಅಂದಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ. ಆಚೆ ಬಂದೆ. ನನಗೆ ಆಗಲ್ಲ ಎಂದು ಹೇಳುವ ಧೈರ್ಯ ಯಾವತ್ತೂ ಇರಲಿಲ್ಲ. ನನ್ನ ಒಳ್ಳೆಯತನ ಎಂದು ಜನ ಅಂದುಕೊಂಡಿರುವುದು ಬಹುಪಾಲು ಅದೇ.

ಮತ್ತೆ ಕುರ್ಚಿಯ ಮುಂದೆ ಕೂತೆ. ಫೋಟೋ ಮರೆತು ಮರವನ್ನೇ ನೋಡಿದೆ. ಎರಡು ತುಂಡನ್ನೂ ಸೇರಿಸಿ ಒತ್ತಿದೆ. ಎಣ್ಣೆಯಿದ್ದರೂ ಸಿಬಿರುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಭಾವ ಒಂದನ್ನೂ ಕಿತ್ತಿರಲಿಲ್ಲ, ಹೇಳಿದ ಮಾತು ಉಳಿಸಿಕೊಂಡಿದ್ದರು. ಹಾಗಾದರೆ ಬೇಕಾದದ್ದು ಅಂಟಲ್ಲ, ಬಿಗಿ. ಸೀಳು ಮುಂದಿನಿಂದ ಹಿಂದಕ್ಕೆ ಓರೆಯಾಗಿದ್ದರಿಂದ ಮುಂದಿನಿಂದ ಹಿಂದಕ್ಕೆ ಆರಪಾರ ಬೋಲ್ಟು ಹಾಕಿ ನಟ್ಟು ಬಿಗಿದರೆ ಎರಡು ತುಂಡೂ ಒಂದನ್ನೊಂದು ಅದುಮಿಕೊಂಡು ನಿಲ್ಲುತ್ತವೆ. ಬೋಲ್ಟಿಗೆ ಎಣ್ಣೆಯ ಹಂಗಿಲ್ಲ.

ಚೀಲ ಸುರಿದೆ. ಮೂರು ನಮೂನೆ ಸ್ಕ್ರೂ ಇತ್ತು, ಎರಡು ಕ್ಲ್ಯಾಂಪಿತ್ತು, ಎರಡು ಡ್ರಿಲ್ಲಿತ್ತು. ಬೋಲ್ಟು ಇರಲಿಲ್ಲ. ಆಗಬಹುದಾದ ಎಲ್ಲ ಅನಾಹುತಗಳಿಗೂ ತಯಾರಾಗಿ ಬಂದಿದ್ದೆ, ಆದದ್ದೊಂದನ್ನು ಬಿಟ್ಟು.

“ಬೋಲ್ಟಾ?” ಅಂದರು ಭಾವ. “ಟ್ರೇಲರಿನ ಹಲಗೆಗೆ ಹಾಕೋವು ಅವೆ. ಆಗ್ತಾವಾ ನೋಡು.” ತುಕ್ಕು ಹಿಡಿದ ಡಬ್ಬಿಯೊಂದನ್ನು ತಂದು ಸುರಿದರು. ತಲೆ ಗುಂಡಗೆ ನುಣುಪಾಗಿ, ತಲೆಯ ಕೆಳಗೆ ಚೌಕದ ಕುತ್ತಿಗೆಯಿರುವ ಬೋಲ್ಟುಗಳು. ಅಂಥವೇ ಬೇಕಿದ್ದವು. ಗುಂಡು ತಲೆ ಮುಂದಿದ್ದರೆ ಅಕ್ಕನ ಸೀರೆಗೆ ತೊಡರುವುದಿಲ್ಲ, ಚೌಕದ ಕುತ್ತಿಗೆ ಮರವನ್ನು ಕಚ್ಚಿಕೊಂಡರೆ ನಟ್ಟು ಬಿಗಿಯುವಾಗ ಬೋಲ್ಟು ತಿರುಗುವುದಿಲ್ಲ. ಕಾಲಿನ ದಪ್ಪಕ್ಕಿಂತ ವಾಷರು, ನಟ್ಟು ಹಿಡಿಯುವಷ್ಟು ಹೆಚ್ಚು ಉದ್ದವಿರುವ ಎರಡನ್ನು ಆರಿಸಿದೆ. ಬೋಲ್ಟಿನ ದಪ್ಪಕ್ಕೆ ಸರಿಹೊಂದುವ ಡ್ರಿಲ್ ಮೊನೆ ಹುಡುಕಿದೆ.

ಕಾಲನ್ನು ಜೋಡಿಸಿ, ಆಚೆ ಈಚೆ ಮರದ ಚಕ್ಕೆ ಕೊಟ್ಟು ಕ್ಲ್ಯಾಂಪಿನಲ್ಲಿ ಬಿಗಿದೆ. ಪೆನ್ಸಿಲಿನಲ್ಲಿ ಎರಡು ಗುರುತು ಹಾಕಿದೆ, ಒಂದು ಸೀಳಿನ ಮೇಲ್ಭಾಗಕ್ಕೆ, ಒಂದು ಕೆಳಭಾಗಕ್ಕೆ. ಎರಡೂ ಒಂದೇ ಎಳೆಯ ಮೇಲೆ ಬಿದ್ದರೆ ಮರ ಆ ಎಳೆಯ ಗುಂಟವೇ ಬಾಯಿ ಬಿಡುತ್ತದೆ, ಅದಕ್ಕೆ ಒಂದನ್ನು ಸ್ವಲ್ಪ ಎಡಕ್ಕೆ, ಇನ್ನೊಂದನ್ನು ಸ್ವಲ್ಪ ಬಲಕ್ಕೆ. ಡ್ರಿಲ್ಲಿನ ವೈರು ಸಿಕ್ಕಿಸಿ ಗುಂಡಿ ಒತ್ತಿದೆ. ಕರೆಂಟು ಹೋಯಿತು.

“ಮಧ್ಯಾಹ್ನ ಬರ್ತೈತೆ,” ಅಂದರು ಭಾವ.

“ನನಗೆ ಗೊತ್ತಿತ್ತು,” ಅಂದೆ. ಚಿಂತೆಗಾರನ ಬದುಕಿನಲ್ಲಿ ಹೀಗೆ ಹೆಮ್ಮೆಯಿಂದ ಹೇಳಿಕೊಳ್ಳುವ ಗಳಿಗೆಗಳು ಅಪರೂಪ. ಕೈ ಡ್ರಿಲ್ಲು ತೆಗೆದೆ. ಆ ಹೆಮ್ಮೆ ಮೊದಲ ತೂತಿನ ಕಾಲು ಭಾಗ ದಾಟುವವರೆಗೆ ಇತ್ತು. ಆಮೇಲೆ ಭುಜ ಇತ್ತು, ಸೊಂಟ ಇತ್ತು, ಬೆವರಿತ್ತು. ಹಳೇ ಬೇವು ಕಲ್ಲಾಗಿತ್ತು. ನಾನು ತಿರುಗಿಸುವುದು, ಭಾವ ಕುರ್ಚಿ ಹಿಡಿಯುವುದು. ಆಮೇಲೆ ಭಾವ ತಿರುಗಿಸುವುದು, ನಾನು ಓರೆಯಾಗ್ತಿದೆ, ನೆಟ್ಟಗೆ, ನೆಟ್ಟಗೆ ಎಂದು ಜೀವ ತಿನ್ನುವುದು.

“ಪಾಠ ಮಾಡಬ್ಯಾಡಪ್ಪ,” ಅಂದರು ಕೊನೆಗೆ. “ನಾನು ಫೇಲಾಗಿ ಸ್ಕೂಲು ಬಿಟ್ಟೋನು.”

ಮೊನೆ ಹಿಂದಿನಿಂದ ಹೊರಬರುವ ಹೊತ್ತಿಗೆ ಅಲ್ಲೊಂದು ಮರದ ಚಕ್ಕೆ ಒತ್ತಿ ಹಿಡಿದೆವು, ಹಿಂಭಾಗ ಸಿಡಿಯದಿರಲೆಂದು. ತೂತಿನ ಬಾಯನ್ನು ಉಳಿಯಿಂದ ಸ್ವಲ್ಪ ಚೌಕ ಮಾಡಿದೆ. ಚೌಕದ ಕುತ್ತಿಗೆಯನ್ನು ದುಂಡು ತೂತಿಗೆ ಬಡಿದು ತುರುಕಿದರೆ ಈ ಸಣ್ಣ ಕಾಲು ಸೀಳಿಹೋದೀತೆಂಬ ಭಯ. ಬೋಲ್ಟುಗಳನ್ನು ಮೆಲ್ಲಗೆ ಬಡಿದು ಕೂರಿಸಿ, ಹಿಂದೆ ಅಗಲವಾದ ವಾಷರು ಕೊಟ್ಟು, ಎರಡು ನಟ್ಟನ್ನೂ ಒಂದು ಸುತ್ತು ಇದು, ಒಂದು ಸುತ್ತು ಅದು ಎಂದು ಬಿಗಿದೆ. ಸೀಳು ಮುಚ್ಚುತ್ತಾ ಬಂತು. ಅದರ ಗೆರೆಯುದ್ದಕ್ಕೂ ಹೊಂಗೆ ಎಣ್ಣೆ ಸಣ್ಣಗೆ ಜಿನುಗಿತು.

“ಕೀವು ಹೋಗ್ಲಿ ಬಿಡು, ಒಳ್ಳೇದು,” ಅಂದರು ಭಾವ.

ಹೆಚ್ಚಾಗಿ ಚಾಚಿಕೊಂಡಿದ್ದ ಬೋಲ್ಟಿನ ತುದಿಯನ್ನು ಕಬ್ಬಿಣ ಕುಯ್ಯುವ ಗರಗಸದಿಂದ ಕುಯ್ದು, ಅರದಿಂದ ಉಜ್ಜಿದೆ. ಕೆಲಸ ಅಲ್ಲಿಗೇ ಮುಗಿಯಿತೆನ್ನಬಹುದಿತ್ತು. ಆದರೆ ನನಗೆ ಅಕ್ಕ ಒಂದು ಮಗ್ಗುಲಿಗೆ ವಾಲಿ ಏಳುವುದು ನೆನಪಾಯಿತು. ಬೋಲ್ಟು ಮುಂದೆ ಹಿಂದೆ ಹಿಡಿಯುತ್ತದೆ, ಪಕ್ಕಕ್ಕೆ ಎಳೆದರೆ? ಕೆಳಗೆ ಬಿದ್ದಿದ್ದ ಬಿದಿರ ದಬ್ಬೆಗಳನ್ನು ನೋಡಿದೆ. ಭಾವನ ಉಪಾಯ ಪೂರ್ತಿ ತಪ್ಪಾಗಿರಲಿಲ್ಲ, ಎಣ್ಣೆಯೊಂದು ಜಾಸ್ತಿಯಾಗಿತ್ತು.

“ದಬ್ಬೆ ಕಟ್ಟಾಣ ಭಾವ,” ಅಂದೆ. “ಆದ್ರೆ ಬಿದಿರು ಬೇಡ. ಗಟ್ಟಿ ಮರ ಏನಾದರೂ ಇದೆಯಾ?”

ಅವರ ಮುಖ ಮತ್ತೆ ಅರಳಿತು. ಕೊಡಲಿಗೆ ಕಾವು ಮಾಡಲೆಂದು ಒಣಗಿಸಿಟ್ಟಿದ್ದ ಜಾಲಿ ಮರದ ತುಂಡನ್ನು ತಂದು ಸೀಳಿ ಚಪ್ಪಟೆ ಪಟ್ಟಿ ಮಾಡಿಕೊಟ್ಟರು. ಅದನ್ನು ಕಾಲಿನ ಒಳಮಗ್ಗುಲಿಗೆ, ಮುರಿತದ ಮೇಲೂ ಕೆಳಗೂ ಗಟ್ಟಿ ಮರದವರೆಗೆ ಚಾಚುವಂತೆ ಇಟ್ಟು, ಬೋಲ್ಟಿಗೆ ತಗುಲದ ಕಡೆ ಸಣ್ಣ ತೂತು ಕೊರೆದು ಸ್ಕ್ರೂ ತಿರುಪಿದೆ. ತಂದಿದ್ದ ಗೋಂದಿನ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ.

ಕುರ್ಚಿ ನಿಲ್ಲಿಸಿದರೆ ಕೊಂಚ ಕುಂಟಿತು. ಕಾಲು ಕೂದಲೆಳೆಯಷ್ಟು ಗಿಡ್ಡವಾಗಿತ್ತು. ಭಾವನ ಹಳೇ ಹವಾಯಿ ಚಪ್ಪಲಿ ಕತ್ತರಿಸಿ ನಾಲ್ಕು ಕಾಲಿಗೂ ರಬ್ಬರು ಕೊಟ್ಟೆ, ಗಿಡ್ಡಗಾಲಿಗೆ ಹಿಮ್ಮಡಿಯ ಕಡೆಯ ದಪ್ಪನೆಯ ತುಂಡು. ಮೊಳೆಯ ತಲೆ ರಬ್ಬರಿನೊಳಗೆ ಹುದುಗುವಂತೆ ಬಡಿದೆ. ಇನ್ನು ಜಾರುವುದೂ ಇಲ್ಲ.

“ಅವು ಹಳೇವಲ್ಲ,” ಅಂದರು ಭಾವ, ಬರಿಗಾಲಲ್ಲಿ ನಿಂತು. “ಹಾಕ್ಕೊಳ್ಳೋವು.”

ಮೊದಲು ನಾನೇ ಕೂತೆ. ಕೈ ಊರಿ ಎದ್ದೆ. ಮತ್ತೆ ಕೂತೆ. ಬೇಕೆಂದೇ ಬಲಕ್ಕೆ ವಾಲಿದೆ. ಭಾವನನ್ನು ಕೂರಿಸಿ, ಏಳಿಸಿ, ಕೂರಿಸಿದೆ. ಆಮೇಲೆ ಕುರ್ಚಿಯನ್ನು ಎತ್ತಿಕೊಂಡು ಒಳಗೆ ತಂದಿಟ್ಟೆವು. ಹೊಸ್ತಿಲು ದಾಟುವಾಗ ಭಾವ ತೊಟ್ಟಿಲು ಹಿಡಿದಷ್ಟು ಜಾಗ್ರತೆಯಿಂದ ಹಿಡಿದಿದ್ದರು. ಇಬ್ಬರೂ ಸೇರಿ ಅಕ್ಕನನ್ನು ಪ್ಲಾಸ್ಟಿಕ್ ಕುರ್ಚಿಯಿಂದ ಎತ್ತಿ ಅದರ ಮೇಲೆ ಕೂರಿಸಿದೆವು. ಅವಳು ಎರಡು ಕೈಯನ್ನೂ ಮೆಲ್ಲಗೆ ಕುರ್ಚಿಯ ಕೈಗಳ ಮೇಲೆ ಇಟ್ಟಳು. ಮೂಗು ಅರಳಿಸಿದಳು.

“ದೀಪಕ್ಕೆ ಹಾಕೋ ಎಣ್ಣೆ ಮ್ಯಾಲೆ ಕುಂತಂಗೈತೆ,” ಅಂದಳು.

“ಗೋಂದು ಹಾಕಿದ್ರೆ ನಾಳೆವರೆಗೂ ಒಣಗಾಕೆ ಬಿಡಬೇಕಿತ್ತು,” ಅಂದರು ಭಾವ ನನ್ನ ಕಡೆ ತಿರುಗಿ. “ಎಣ್ಣೆ ಹಾಕಿದ್ದಕ್ಕೆ ಇವತ್ತೇ ಕುಂತ್ಲು. ಹೌದೋ ಅಲ್ಲೋ, ಮೇಷ್ಟ್ರೇ?”

ಅಲ್ಲ ಎನ್ನಲು ಬಾಯಿ ತೆರೆದೆ. ಯೋಚಿಸಿದರೆ ಹೌದಾಗಿತ್ತು. ಬಾಯಿ ಮುಚ್ಚಿದೆ.

ಅಕ್ಕ ಪಾದಗಳನ್ನು ಹಿಂದಕ್ಕೆ ಸರಿಸಿಕೊಂಡಳು. ಕೈ ಊರಿದಳು. ಭಾರ ಬೀಳುತ್ತಿದ್ದಂತೆ ಕಾಲಿನ ಕಡೆಯಿಂದ ಕಿರ್ರ್ ಎಂದಿತು. ಭಾವ ಎರಡೂ ಕೈ ಚಾಚಿದರು.

“ಕೈ ತಗೀರಿ,” ಅಂದಳು ಅಕ್ಕ.

ಭಾವ ಕೈ ತೆಗೆಯಲಿಲ್ಲ.

“ತಗೀರಿ ಅಂದೆ.”

ತೆಗೆದರು. ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಹೆಗಲ ಮೇಲಿನ ಟವಲು ಹಿಡಿದುಕೊಂಡರು. ಅಕ್ಕ ಒಂದು ಉಸಿರು ಎಳೆದುಕೊಂಡಳು. ಬಲಕ್ಕೆ ವಾಲಿದಳು, ನಾನು ಹೆದರಿದ್ದಷ್ಟೇ ವಾಲಿದಳು, ಮೆಲ್ಲಗೆ ಮೇಲೆದ್ದಳು. ನೆಟ್ಟಗೆ ನಿಂತಳು. ವಾಕರು ಎಳೆದುಕೊಂಡು, ಯಾರನ್ನೂ ನೋಡದೆ, ಟಕ್ ಟಕ್ ಎಂದು ಬಚ್ಚಲ ಕಡೆ ಹೋದಳು. ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು. ಅಕ್ಕ ಬೆಳಿಗ್ಗೆಯಿಂದ ಮುಟ್ಟದಿದ್ದ ಚೊಂಬಿನ ನೀರನ್ನು ಭಾವ ಎತ್ತಿ ಗಟಗಟ ಕುಡಿದು, ಮತ್ತೆ ತುಂಬಿಸಿ ಕುರ್ಚಿಯ ಪಕ್ಕಕ್ಕೆ ಇಟ್ಟರು.

ವಾಪಸು ಬಂದವಳು ಸೀದಾ ಅಡಿಗೆಮನೆಗೆ ಹೋದಳು. “ಟೀ ಇಡ್ತೀನಿ. ಸಕ್ಕರೆ ಕಮ್ಮಿ ಹಾಕಲಾ, ಹಂಗೇ ಇರ್ಲಾ? ನಿನಗೂ ಶುಗರ್ ಬಂತಾ?”

“ಇನ್ನೂ ಇಲ್ಲಕ್ಕ.”

“ಬರ್ತೈತೆ ಬಿಡು.”

ನಾನು ಆಗಿನಿಂದಲೂ ನೆಲದ ಮೇಲೆಯೇ ಇದ್ದೆ. ಅವಳು ಏಳುವಾಗ ಕಾಲು ನೋಡಲೆಂದು ಬಗ್ಗಿ ಕೂತವನು. ಮೈಯೆಲ್ಲ ಮರದ ಪುಡಿ, ಕೈಯೆಲ್ಲ ಹೊಂಗೆ. ಏಳಲು ಹೋದರೆ ಸೊಂಟ ಒಪ್ಪಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ. ಮಂಡಿ ಕಟಕ್ ಎಂದಿತು, ಮೇಲಕ್ಕೆ ಬರಲಿಲ್ಲ.

“ಎತ್ತಲೇನಪ್ಪ?” ಅಂದರು ಭಾವ, ಕಂಕುಳಿಗೆ ಕೈ ಹಾಕಲು ಬಗ್ಗುತ್ತಾ. ಅವರ ಮೈಯ ಕುರಿ ವಾಸನೆ ಹತ್ತಿರ ಬಂತು. ಅಕ್ಕ ಒಂದಿಡೀ ದಿನ ನೀರು ಬಿಟ್ಟದ್ದು ಯಾಕೆಂದು ಆಗ ಮೈಗೇ ಗೊತ್ತಾಯಿತು.

“ಬೇಡ ಭಾವ,” ಅಂದೆ. ಕೈ ಚಾಚಿ ಕುರ್ಚಿಯ ಕಾಲು ಹಿಡಿದು, ಊರಿಕೊಂಡು ಏಳೋಣವೆಂದು ಅದನ್ನು ನನ್ನ ಕಡೆಗೆ ಎಳೆದೆ. ರಬ್ಬರು ನೆಲಕ್ಕೆ ಕಚ್ಚಿ ಕೊರ್ ಎಂದಿತು.

ಅಡಿಗೆಮನೆಯಿಂದ ಅಕ್ಕ ಕೂಗಿದಳು. “ಲೇ! ಎಳೀಬ್ಯಾಡ್ರೋ ಅದನ್ನ!”